7 ಗಂಟೆ 42 ನಿಮಿಷದ ಹಣವನ್ನು 7 ಗಂಟೆ 46 ನಿಮಿಷದ ಚೀಟಿಯಲ್ಲಿ ಹುಡುಕಬೇಡಿ

ಕಾಸರಗೋಡು ಜಿಲ್ಲೆಯ ಬ್ಯಾಂಕ್ ಶಾಖೆಗಳ ವ್ಯವಸ್ಥಾಪಕರಿಗೆ, ಜಿಲ್ಲೆಯ ಅಗ್ರಣಿ ಬ್ಯಾಂಕಿನ ವ್ಯವಸ್ಥಾಪಕರಿಗೆ, ಹಾಗೂ ಎಟಿಎಂ ಕಾರ್ಡ್ ಬಳಸುವ ನನ್ನ ಊರಿನವರಿಗೆ,

ಮಾನ್ಯರೇ,

2025ರ ಜುಲೈ 12, ಎರಡನೇ ಶನಿವಾರ. ಬ್ಯಾಂಕಿಗೆ ರಜೆ, ಹೊರಗೆ ಜಡಿಮಳೆ. ನಮ್ಮ ನೆರೆಮನೆಯ ಅಕ್ಕ ಅಡಿಕೆ ತೋಟಕ್ಕೆ ಮದ್ದು ಬಿಟ್ಟವರಿಗೆ ಕೂಲಿ ಕೊಡಲೆಂದು ಸಂಜೆ ಬದಿಯಡ್ಕ ಪೇಟೆಯ ಒಂದು ಎಟಿಎಂಗೆ ಹೋದರು. ಅದು ಅವರ ಬ್ಯಾಂಕಿನದಲ್ಲ, ಬೇರೆ ಬ್ಯಾಂಕಿನ ಯಂತ್ರ. 8,000 ರೂಪಾಯಿ ಒತ್ತಿದರು. ಪರದೆ ಬಹಳ ಹೊತ್ತು ಹಾಗೆಯೇ ನಿಂತು, ಕೊನೆಗೆ ವ್ಯವಹಾರ ಸಾಧ್ಯವಾಗಲಿಲ್ಲ ಎಂದು ತೋರಿಸಿ ಕಾರ್ಡ್ ಹೊರಹಾಕಿತು. ಹಣವೂ ಬರಲಿಲ್ಲ, ಚೀಟಿಯೂ ಬರಲಿಲ್ಲ. ಹಿಂದೆ ನಿಂತಿದ್ದವರು "ಇನ್ನೊಮ್ಮೆ ನೋಡಿ ಅಕ್ಕ" ಎಂದರು. ಇನ್ನೊಮ್ಮೆ 8,000 ಒತ್ತಿದಾಗ ಐನೂರರ 16 ನೋಟುಗಳು ಬಂದವು, ಚೀಟಿಯೂ ಬಂತು. ಮನೆ ತಲುಪಿ ಮೊಬೈಲ್ ನೋಡಿದರೆ ಎರಡು ಸಂದೇಶಗಳಿದ್ದವು. ಎರಡು ಬಾರಿಯೂ ಖಾತೆಯಿಂದ 8,000 ಹೋಗಿತ್ತು.

ಆ ಹಣ ಮರಳಿ ಬರಲು ಆಗಸ್ಟ್ 1ರವರೆಗೆ ಕಾಯಬೇಕಾಯಿತು. ಯಾರೂ ಅವರಿಗೆ ಮೋಸ ಮಾಡಿರಲಿಲ್ಲ. ಒಂದು ಫಾರ್ಮಿನಲ್ಲಿ ಒಂದು ಸಾಲು ತಪ್ಪಾಗಿತ್ತು, ಅದನ್ನು ಕೈಗೆ ತೆಗೆದುಕೊಂಡ ಯಾರೂ ಸ್ಟೇಟ್‌ಮೆಂಟಿನ ಪಕ್ಕದಲ್ಲಿಟ್ಟು ಓದಲಿಲ್ಲ. ನಾನು ಬ್ಯಾಂಕಿನಲ್ಲಿ ಎಟಿಎಂ ಲೆಕ್ಕ ಹೊಂದಿಸುವ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಂಥ ಫಾರ್ಮ್‌ಗಳ ಇನ್ನೊಂದು ತುದಿಯಲ್ಲಿ ಕುಳಿತು ಉತ್ತರ ಬರೆದವನು. ಆದ್ದರಿಂದಲೇ ಈ ಪತ್ರ.

ಸೋಮವಾರ, ಜುಲೈ 14ರಂದು ಅಕ್ಕ ಮೊದಲು ಹೋದದ್ದು ಆ ಎಟಿಎಂ ಯಾರದೋ ಆ ಬ್ಯಾಂಕಿನ ಶಾಖೆಗೆ. ಯಂತ್ರ ಇವರದು ತಾನೇ, ಇವರೇ ಕೊಡಬೇಕು ಎಂಬುದು ಅವರ ಎಣಿಕೆ. ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಆದರೆ ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೆ, ಅಂದರೆ ನಮ್ಮ ಖಾತೆ ಇರುವ ಕಡೆ. ಎರಡು ಬ್ಯಾಂಕುಗಳ ನಡುವಿನ ಲೆಕ್ಕ ಎಟಿಎಂಗಳನ್ನು ಬೆಸೆಯುವ ಜಾಲದ ಮೂಲಕವೇ ತೀರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಮ್ಮ ಬ್ಯಾಂಕು ಆ ಜಾಲದಲ್ಲಿ ಹಣ ವಾಪಸು ಕೇಳುತ್ತದೆ. ಯಂತ್ರದ ಬ್ಯಾಂಕು ಒಪ್ಪಿ ಕೊಡುತ್ತದೆ, ಇಲ್ಲವೇ ತನ್ನ ಯಂತ್ರದ ದಾಖಲೆ ತೋರಿಸಿ ನಿರಾಕರಿಸುತ್ತದೆ. ಆ ಶಾಖೆಯವರು ಅಕ್ಕನನ್ನು ಹಿಂದಕ್ಕೆ ಕಳುಹಿಸಿದ್ದು ಸರಿಯೇ. ಯಾಕೆಂದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ತಮ್ಮ ಬ್ಯಾಂಕಿನಲ್ಲಿ ಅವರ ಕೈಗೆ ಬಂದ ಫಾರ್ಮ್ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ಅಕ್ಕ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದಿದವರು. ಮಲಯಾಳ ಮಾತನಾಡುತ್ತಾರೆ, ಓದಲು ಬರುವುದಿಲ್ಲ. ನಮ್ಮ ಕಡೆ ಅವರ ವಯಸ್ಸಿನ ಅನೇಕರ ಸ್ಥಿತಿ ಇದೇ. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನು, ತಾನೇ ತುಂಬಿಸಿಕೊಟ್ಟ. "ಚೀಟಿ ಇದೆಯೇ ಚೇಚಿ?" ಎಂದು ಕೇಳಿದ. ಇವರ ಬಳಿ ಇದ್ದದ್ದು ಒಂದೇ ಚೀಟಿ, ಹಣ ಬಂದ ಎರಡನೆಯ ಸಲದ್ದು. ಅದನ್ನು ಕೊಟ್ಟರು. ಅವನು ಅದರಲ್ಲಿದ್ದ ಸಮಯ 7:46ನ್ನೂ ಅದರಲ್ಲಿದ್ದ ಸಂಖ್ಯೆಯನ್ನೂ ಫಾರ್ಮಿಗೆ ಇಳಿಸಿ, ಚೀಟಿಯನ್ನು ಪಿನ್ ಮಾಡಿ ಕಳುಹಿಸಿದ.

ಅಲ್ಲಿಂದಾಚೆಗೆ ಏನಾಯಿತೆಂದು ನನಗೆ ಕಣ್ಣಿಗೆ ಕಟ್ಟಿದಂತೆ ಗೊತ್ತು. ಯಂತ್ರದ ಬ್ಯಾಂಕಿನ ಮೇಜಿಗೆ ಆ ಸಂಖ್ಯೆ ಹೋಯಿತು. ಅಲ್ಲಿದ್ದವರು ಯಂತ್ರದ ದಿನಚರಿಯನ್ನು ತೆರೆದರು. ಪ್ರತಿ ಎಟಿಎಂ ತಾನು ಮಾಡಿದ ಪ್ರತಿಯೊಂದು ಕೆಲಸವನ್ನೂ ಸಮಯದೊಂದಿಗೆ ಬರೆದಿಡುತ್ತದೆ: ಕಾರ್ಡ್ ಒಳಗೆ ಬಂದದ್ದು, ಎಷ್ಟು ಹಣ ಕೇಳಿದ್ದು, ಯಾವ ಪೆಟ್ಟಿಗೆಯಿಂದ ಎಷ್ಟು ನೋಟು ಎಣಿಸಿದ್ದು, ಗ್ರಾಹಕರು ನೋಟನ್ನು ಎಳೆದುಕೊಂಡದ್ದು. ಬ್ಯಾಂಕಿನವರು ಇದನ್ನು ಇಲೆಕ್ಟ್ರಾನಿಕ್ ಜರ್ನಲ್ ಎನ್ನುತ್ತಾರೆ. ಅದರಲ್ಲಿ 7:46ಕ್ಕೆ 16 ನೋಟುಗಳು ಹೊರಬಂದಿವೆ, ತೆಗೆದುಕೊಳ್ಳಲಾಗಿದೆ, ಉತ್ತರ ಸಂಕೇತ 00. ಎರಡು ಸೊನ್ನೆ ಎಂದರೆ ವ್ಯವಹಾರಕ್ಕೆ ಒಪ್ಪಿಗೆ ಸಿಕ್ಕಿದೆ ಎಂದರ್ಥ. ಜುಲೈ 24ರಂದು ಅಕ್ಕನಿಗೆ ಉತ್ತರ ಬಂತು: ವ್ಯವಹಾರ ಯಶಸ್ವಿಯಾಗಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ.

ಆ ಉತ್ತರ ಸುಳ್ಳಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರ. ಕೇಳಬೇಕಿದ್ದ ಪ್ರಶ್ನೆ ಹಣ ಬಾರದ ಮೊದಲ ಸಲದ್ದು, 7:42ರದ್ದು. ಅದನ್ನು ಯಾರೂ ಕೇಳಿಯೇ ಇರಲಿಲ್ಲ.

ಆ ಕಾಗದ ಹಿಡಿದುಕೊಂಡು ಅಕ್ಕ ನಮ್ಮ ಜಗಲಿಗೆ ಬಂದರು. "ಅಣ್ಣ, ನಾನು ಸುಳ್ಳು ಹೇಳಿದ ಹಾಗಾಯಿತಲ್ಲ" ಎಂದು ಕಣ್ಣೀರು ಹಾಕಿದರು. 8,000 ಹೋದದ್ದಕ್ಕಿಂತ ಆ ಮಾತೇ ಅವರನ್ನು ಹೆಚ್ಚು ಸುಟ್ಟಿತ್ತು.

ನಾವಿಬ್ಬರೂ ಕುಳಿತು ಮಾಡಿದ ಕೆಲಸವನ್ನು ಬಿಡಿಸಿ ಹೇಳುತ್ತೇನೆ. ಇದಕ್ಕೆ ಬ್ಯಾಂಕಿನ ಒಳಗಿನ ಜ್ಞಾನವೇನೂ ಬೇಕಾಗಿಲ್ಲ.

ಅವರ ಪಾಸ್‌ಬುಕ್ಕಿನಲ್ಲಿ ಎರಡು ಸಾಲುಗಳು ಒಂದೇ ರೀತಿ ಕಾಣುತ್ತಿದ್ದವು. ಎರಡರಲ್ಲೂ ಅದೇ ಮೊತ್ತ, ಅದೇ ಎಟಿಎಂ, ಅದೇ ದಿನಾಂಕ. ವಿವರದ ಅಂಕಣ ಚಿಕ್ಕದಾದ್ದರಿಂದ ಸಂಖ್ಯೆ ಅರ್ಧಕ್ಕೆ ಕತ್ತರಿಸಿ ಹೋಗಿತ್ತು. ಹಾಗಾಗಿ ಶಾಖೆಯಿಂದ ಪೂರ್ಣ ವಿವರಗಳಿರುವ ಸ್ಟೇಟ್‌ಮೆಂಟ್ ತರಿಸಿದೆವು. ಅದರಲ್ಲಿ ಪ್ರತಿ ಸಾಲಿನಲ್ಲೂ 12 ಅಂಕಿಗಳ ಒಂದು ಸಂಖ್ಯೆ ಇತ್ತು. ಎಟಿಎಂ ಚೀಟಿಯಲ್ಲಿ ಇದೇ ಸಂಖ್ಯೆ RRN ಎಂಬ ಹೆಸರಿನಲ್ಲಿ ಅಚ್ಚಾಗಿರುತ್ತದೆ. ಎರಡು ವ್ಯವಹಾರಗಳಿಗೆ ಮೊತ್ತ ಒಂದೇ ಇರಬಹುದು, ದಿನಾಂಕ ಒಂದೇ ಇರಬಹುದು, ಈ ಸಂಖ್ಯೆ ಮಾತ್ರ ಬೇರೆ ಬೇರೆ. ಚೀಟಿಯ ಸಂಖ್ಯೆ 4431 ಎಂದು ಕೊನೆಯಾಗುತ್ತಿತ್ತು. ಸ್ಟೇಟ್‌ಮೆಂಟಿನಲ್ಲಿ ಅದು ಎರಡನೆಯ ಸಾಲು. ಮೊದಲನೆಯ ಸಾಲಿನ ಸಂಖ್ಯೆ 4412 ಎಂದು ಕೊನೆಯಾಗುತ್ತಿತ್ತು. ಆ ಸಂಖ್ಯೆ ಫಾರ್ಮಿನಲ್ಲಿ ಎಲ್ಲಿಯೂ ಇರಲಿಲ್ಲ.

ಇನ್ನೊಂದು ವಿಷಯ ಆಗ ಕಣ್ಣಿಗೆ ಬಿತ್ತು. ಸ್ಟೇಟ್‌ಮೆಂಟ್ ಎರಡು ಸಾಲುಗಳಿಗೂ ಜುಲೈ 14 ಎಂದು ದಿನಾಂಕ ಹಾಕಿತ್ತು. ರಜೆ ಮುಗಿದ ಮೇಲೆ ಲೆಕ್ಕಕ್ಕೆ ಬರೆದ ದಿನ ಅದು, ಅಕ್ಕ ಯಂತ್ರದ ಮುಂದೆ ನಿಂತ ದಿನವಲ್ಲ. ಆದರೆ ಎರಡೂ ಸಂಖ್ಯೆಗಳು 5193 ಎಂದು ಆರಂಭವಾಗುತ್ತಿದ್ದವು. ಎಟಿಎಂ ವ್ಯವಹಾರಗಳ ಈ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ. ಮುಂದಿನ ಮೂರು ಅಂಕಿಗಳು ಜನವರಿ 1ರಿಂದ ಎಣಿಸಿದರೆ ಅದು ವರ್ಷದ ಎಷ್ಟನೆಯ ದಿನವೆಂದು ಹೇಳುತ್ತವೆ. 2025ರ 193ನೆಯ ದಿನ ಜುಲೈ 12. ಮೊಬೈಲಿಗೆ ಬಂದ ಸಂದೇಶಗಳ ದಿನಾಂಕವೂ ಅದೇ. ಈ ಎರಡು ದಿನಗಳ ವ್ಯತ್ಯಾಸ ಕ್ಷುಲ್ಲಕವೆಂದು ಅನಿಸಬಹುದು. ಪರಿಹಾರದ ಲೆಕ್ಕಕ್ಕೆ ಬಂದಾಗ ಅದರ ಬೆಲೆ ತಿಳಿಯುತ್ತದೆ.

ಆಮೇಲೆ ಶಿಲ್ಕು ನೋಡಿದೆವು. ಎಟಿಎಂಗೆ ಹೋಗುವ ಮೊದಲು ಖಾತೆಯಲ್ಲಿ 18,640 ರೂಪಾಯಿ ಇತ್ತು. ಹಣ ಬಂದ ವ್ಯವಹಾರದ ಚೀಟಿಯಲ್ಲಿ ಉಳಿದ ಶಿಲ್ಕು 2,640 ಎಂದು ಅಚ್ಚಾಗಿದೆ. ಒಂದೇ 8,000 ತೆಗೆದಿದ್ದರೆ ಅಲ್ಲಿ 10,640 ಇರಬೇಕಿತ್ತು. ಅಂದರೆ 7:46ಕ್ಕೆ ಚೀಟಿ ಅಚ್ಚಾಗುವ ಮೊದಲೇ ಇನ್ನೊಂದು 8,000 ಖಾತೆಯಿಂದ ಹೋಗಿಬಿಟ್ಟಿದೆ ಎಂದು ಆ ಚೀಟಿಯೇ ಹೇಳುತ್ತಿದೆ. ಅಕ್ಕನ ದೂರನ್ನು ಬೀಳಿಸಿದ ಅದೇ ತುಂಡು ಕಾಗದ ಅವರ ಪರವಾದ ಸಾಕ್ಷಿಯೂ ಆಗಿತ್ತು. ಮೇಲಿನ ಸಂಖ್ಯೆಯನ್ನು ಮಾತ್ರ ಓದಿದವರು ಕೆಳಗಿನ ಶಿಲ್ಕನ್ನು ಓದಲಿಲ್ಲ.

ಹಣ ಮರಳಿ ಜಮೆಯಾಗಿಲ್ಲ ಎಂಬುದನ್ನೂ ಖಚಿತಪಡಿಸಿಕೊಂಡೆವು. ಎಷ್ಟೋ ಸಲ ಕಡಿತವಾದ ಹಣ ತಾನಾಗಿಯೇ ಮರಳಿರುತ್ತದೆ, ಖಾತೆದಾರರು ಗಮನಿಸಿರುವುದಿಲ್ಲ. ಮರುಜಮೆ ಅದೇ ದಿನ, ಅದೇ ಸಾಲಿನ ಕೆಳಗೇ ಬರಬೇಕೆಂದಿಲ್ಲ. ಎರಡು ಮೂರು ದಿನ ಬಿಟ್ಟು, ನಡುವೆ ಬೇರೆ ಹತ್ತು ಸಾಲುಗಳಾದ ಮೇಲೆ ಬರಬಹುದು. ಆದ್ದರಿಂದ ದೂರು ಕೊಡುವ ದಿನದವರೆಗಿನ ಸ್ಟೇಟ್‌ಮೆಂಟ್ ಬೇಕು, ಕಡಿತವಾದ ದಿನದ ಪುಟವೊಂದೇ ಸಾಲದು. ಜುಲೈ 28ರವರೆಗೆ ಅಕ್ಕನ ಖಾತೆಗೆ 8,000 ಮರಳಿರಲಿಲ್ಲ.

ಹಾಗಾದರೆ 7:42ಕ್ಕೆ ಏನಾಗಿತ್ತು? ನೋಟು ಬಾರದೆ ಹಣ ಕಡಿತವಾಗುವುದು ಹೆಚ್ಚಾಗಿ ಎರಡು ಬಗೆಯಲ್ಲಿ. ಒಂದು, ಯಂತ್ರ ನೋಟುಗಳನ್ನು ಎಣಿಸಲು ಎತ್ತಿಕೊಳ್ಳುತ್ತದೆ, ಅವು ಅಂಟಿಕೊಂಡಿರುತ್ತವೆ ಅಥವಾ ಮಡಚಿರುತ್ತವೆ, ಹೊರಗೆ ಬಿಡದೆ ಒಳಗಿನ ತಿರಸ್ಕೃತ ನೋಟುಗಳ ಪೆಟ್ಟಿಗೆಗೆ ತಳ್ಳಿಬಿಡುತ್ತದೆ. ಎರಡು, ಯಂತ್ರ ಕೇಳಿದ ಒಪ್ಪಿಗೆ ನಮ್ಮ ಬ್ಯಾಂಕನ್ನು ತಲುಪುತ್ತದೆ, ಬ್ಯಾಂಕು ಹಣ ಕಡಿತಗೊಳಿಸಿ ಉತ್ತರ ಕಳುಹಿಸುತ್ತದೆ, ಆದರೆ ಸಂಪರ್ಕ ನಿಧಾನವಾಗಿ ಆ ಉತ್ತರ ಬರುವಷ್ಟರಲ್ಲಿ ಯಂತ್ರ ಕಾದು ಸೋತು ವ್ಯವಹಾರವನ್ನು ಕೈಬಿಟ್ಟಿರುತ್ತದೆ. ಹೀಗಾದಾಗ ಕಡಿತವನ್ನು ರದ್ದು ಮಾಡಿ ಎಂಬ ಸಂದೇಶ ಹಿಂದಕ್ಕೆ ಹೋಗಬೇಕು. ಆ ಸಂದೇಶವೂ ದಾರಿಯಲ್ಲಿ ಕಳೆದುಹೋದರೆ ಹಣ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಪರದೆ ಬಹಳ ಹೊತ್ತು ನಿಂತಿತ್ತು, ನಾಲ್ಕು ನಿಮಿಷದ ನಂತರ ಯಂತ್ರ ಏನೂ ಆಗಿಲ್ಲವೆಂಬಂತೆ ಹಣ ಕೊಟ್ಟಿತು ಎಂಬುದನ್ನು ಕೇಳಿ ಇದು ಎರಡನೆಯ ಬಗೆಯೆಂದು ನನಗೆ ಅನಿಸಿತು.

ಶಾಖೆಯವರು ಈ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು. ದೂರು ಬಂದಾಗ "ಯಂತ್ರದಲ್ಲಿ ಹೆಚ್ಚುವರಿ ನಗದು ಇಲ್ಲ, ಲೆಕ್ಕ ಸರಿಯಿದೆ" ಎಂಬ ಉತ್ತರ ಬರುತ್ತದೆ. ಯಾವುದರ ಜೊತೆ ಸರಿಯಿದೆ? ಎರಡನೆಯ ಬಗೆಯಲ್ಲಿ ಯಂತ್ರ ನೋಟನ್ನು ಎಣಿಸಿಯೇ ಇರುವುದಿಲ್ಲ. ಆದ್ದರಿಂದ ಯಂತ್ರದ ಸ್ವಂತ ಎಣಿಕೆಗೂ ಪೆಟ್ಟಿಗೆಯ ನೋಟಿಗೂ ತಾಳೆಯಾಗಿಯೇ ಆಗುತ್ತದೆ. ತಾಳೆ ನೋಡಬೇಕಾದದ್ದು ಜಾಲದ ಲೆಕ್ಕದೊಂದಿಗೆ, ಅಂದರೆ ಆ ಯಂತ್ರದ ಹೆಸರಿನಲ್ಲಿ ಆ ದಿನ ಗ್ರಾಹಕರ ಖಾತೆಗಳಿಂದ ಒಟ್ಟು ಎಷ್ಟು ಕಡಿತವಾಗಿ ಯಂತ್ರದ ಬ್ಯಾಂಕಿಗೆ ಸೇರಿತು ಎಂಬುದರೊಂದಿಗೆ. ಅಲ್ಲಿ 8,000 ಹೆಚ್ಚು ಕಾಣುತ್ತದೆ. ಹೋಲಿಸುವ ಕಾಗದ ತಪ್ಪಾದರೆ ಪ್ರಾಮಾಣಿಕ ನೌಕರನೂ ತಪ್ಪು ಉತ್ತರ ಕೊಡುತ್ತಾನೆ.

ಜುಲೈ 28ರಂದು ಹೊಸ ಫಾರ್ಮ್ ಕೊಟ್ಟೆವು. ಕಾರಣದ ಜಾಗದಲ್ಲಿ ಗುರುತು ಹಾಕಿದ್ದು ಖಾತೆಯಿಂದ ಕಡಿತವಾಗಿದೆ, ಯಂತ್ರದಿಂದ ಹಣ ಬಂದಿಲ್ಲ ಎಂಬ ಸಾಲಿಗೆ. ಕೆಲವರು ಗಾಬರಿಯಲ್ಲಿ ಅದರ ಪಕ್ಕದ, ನಾನು ಈ ವ್ಯವಹಾರ ಮಾಡಿಲ್ಲ ಎಂಬ ಸಾಲಿಗೆ ಗುರುತು ಹಾಕುತ್ತಾರೆ. ಅದು ವಂಚನೆಯ ದೂರು. ಕಾರ್ಡನ್ನು ನಿಲ್ಲಿಸಿಬಿಡುತ್ತಾರೆ, ಕಾಗದ ಬೇರೆಯೇ ಮೇಜಿಗೆ ಹೋಗುತ್ತದೆ, ಕ್ಯಾಮೆರಾದಲ್ಲಿ ನಿಮ್ಮ ಮುಖವೇ ಕಂಡಾಗ ದೂರು ಬಿದ್ದುಹೋಗುತ್ತದೆ. ಕೇಳಿದ ಮೊತ್ತ 8,000, ಕೈಗೆ ಬಂದದ್ದು ಸೊನ್ನೆ, ವಿವಾದದ ಮೊತ್ತ 8,000 ಎಂದು ಮೂರನ್ನೂ ಬೇರೆ ಬೇರೆಯಾಗಿ ತುಂಬಿದೆವು. ಸಮಯ 7:42, ಸಂಖ್ಯೆ 4412ರದ್ದು. ಚೀಟಿಯಲ್ಲಿದ್ದ ಎಟಿಎಂ ಗುರುತು ಸಂಖ್ಯೆ ಎರಡಕ್ಕೂ ಒಂದೇ ಆದ್ದರಿಂದ ಅದನ್ನು ಅಲ್ಲಿಂದಲೇ ತೆಗೆದುಕೊಂಡೆವು. ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ಬರೆದೆವು. ಪಿನ್, ಕಾರ್ಡಿನ ಹಿಂಬದಿಯ ಮೂರು ಅಂಕಿ, ಮೊಬೈಲಿಗೆ ಬರುವ ಒಟಿಪಿ ಯಾವ ದೂರಿಗೂ ಬೇಕಾಗಿಲ್ಲ. ಕೇಳಿದವರು ಬ್ಯಾಂಕಿನವರಲ್ಲ ಎಂದು ತಿಳಿಯಿರಿ.

ಫಾರ್ಮಿನಲ್ಲಿ ಇಲ್ಲದ ಒಂದು ಮಾತನ್ನು ಕೆಳಗೆ ಕೈಯಲ್ಲಿ ಬರೆದೆವು: "ಅದೇ ಯಂತ್ರದಲ್ಲಿ 7:46ಕ್ಕೆ ಮಾಡಿದ, 4431ರಲ್ಲಿ ಕೊನೆಯಾಗುವ ವ್ಯವಹಾರದ 8,000 ರೂಪಾಯಿ ನನಗೆ ಸಿಕ್ಕಿದೆ. ಅದರ ಬಗ್ಗೆ ದೂರು ಇಲ್ಲ." ಸಿಕ್ಕಿದ್ದನ್ನು ಒಪ್ಪಿಕೊಂಡು ಬರೆದರೆ ದೂರು ದುರ್ಬಲವಾಗುತ್ತದೆ ಎಂದು ಅಕ್ಕ ಮೊದಲು ಹೆದರಿದ್ದರು. ನಿಜಕ್ಕೂ ಆ ಎರಡು ಸಾಲುಗಳೇ ದೂರನ್ನು ಉಳಿಸಿದವು. ಇನ್ನು ಯಾರೂ ಆ ದಿನಚರಿಯ ತಪ್ಪು ಪುಟವನ್ನು ತೆರೆಯುವಂತಿರಲಿಲ್ಲ. 7:42ರ ಜರ್ನಲ್ ಪ್ರತಿಯನ್ನೂ ಜಾಲದ ಲೆಕ್ಕದೊಂದಿಗಿನ ತಾಳೆಯನ್ನೂ ಕೇಳಿದೆವು, ಕ್ಯಾಮೆರಾ ದೃಶ್ಯವನ್ನು ಅಳಿಸದೆ ಉಳಿಸಿಡುವಂತೆಯೂ ಬರೆದೆವು. ಸ್ವೀಕೃತಿ ಸಂಖ್ಯೆ ಪಡೆದು ಬಂದೆವು.

ನಾಲ್ಕೇ ದಿನ. ಆಗಸ್ಟ್ 1ರಂದು 8,000 ಜಮೆಯಾಯಿತು. 7:42ರ ಜರ್ನಲ್‌ನಲ್ಲಿ ಒಪ್ಪಿಗೆ ಕೇಳಿದ ಸಾಲು ಇತ್ತು, ಉತ್ತರ ಬಂದ ಸಾಲು ಇರಲಿಲ್ಲ, ನೋಟು ಎಣಿಸಿದ ಸಾಲೂ ಇರಲಿಲ್ಲ.

ಆದರೆ ಪರಿಹಾರ ಬರಲಿಲ್ಲ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿ, ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಗೆ ತಂದ ಸುತ್ತೋಲೆ ಇದೆ. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಖಾತೆದಾರರಿಗೆ ಕೊಡಬೇಕು, ಅದನ್ನೂ ದೂರಿಗಾಗಿ ಕಾಯದೆ ತಾನಾಗಿಯೇ ಕೊಡಬೇಕು. ಅಲ್ಲಿ ದಿನವೆಂದರೆ ಪಂಚಾಂಗದ ದಿನ, ರಜೆಗಳನ್ನು ಕಳೆಯುವಂತಿಲ್ಲ.

ಲೆಕ್ಕ ಮಾಡೋಣ. ವ್ಯವಹಾರ ಜುಲೈ 12. ಐದು ದಿನ ಸೇರಿಸಿದರೆ ಜುಲೈ 17. ಅಲ್ಲಿಂದ ಆಗಸ್ಟ್ 1ರವರೆಗೆ 15 ದಿನಗಳ ವಿಳಂಬ, 1,500 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿದ್ದ ಜುಲೈ 14ರಿಂದ ಎಣಿಸಿದರೆ ಇದು 1,300ಕ್ಕೆ ಇಳಿಯುತ್ತದೆ. ಆಗಲೇ ಹೇಳಿದ ಎರಡು ದಿನಗಳ ಬೆಲೆ ಇದು. ಶಾಖೆಯವರು ಹೇಳಿದ್ದೇ ಬೇರೆ: ಸರಿಯಾದ ದೂರು ಬಂದದ್ದು ಜುಲೈ 28ರಂದು, ನಾಲ್ಕು ದಿನದಲ್ಲಿ ಕೊಟ್ಟಿದ್ದೇವೆ, ವಿಳಂಬವೇ ಇಲ್ಲ. ಸ್ವಾಮಿ, ಸುತ್ತೋಲೆ ದೂರಿನ ದಿನದಿಂದ ಎಣಿಸುವುದಿಲ್ಲ. ದೂರು ಇಲ್ಲದಿದ್ದರೂ ಹಣ ಮರಳಬೇಕು ಎನ್ನುವ ನಿಯಮದಲ್ಲಿ ದೂರಿನ ದಿನಾಂಕಕ್ಕೆ ಜಾಗವೇ ಇಲ್ಲ. ಅಕ್ಕನ ಮೊದಲ ಫಾರ್ಮಿನಲ್ಲಿ ತಪ್ಪಿತ್ತು ಎಂಬುದು ನಿಜ. ಆ ತಪ್ಪು ಬ್ಯಾಂಕಿನ ಕೌಂಟರಿನಲ್ಲಿ, ಬ್ಯಾಂಕಿನ ಪೆನ್ನಿನಲ್ಲಿ ಆದದ್ದು ಎಂಬುದೂ ಅಷ್ಟೇ ನಿಜ.

ಸ್ಟೇಟ್‌ಮೆಂಟ್ ಕೈಯಲ್ಲಿರುವಾಗ ತಿಂಗಳ ಕೊನೆಯ ಸಾಲುಗಳನ್ನೂ ನೋಡಿಕೊಳ್ಳಿ. ತಾಂತ್ರಿಕ ಕಾರಣದಿಂದ ವಿಫಲವಾದ ಪ್ರಯತ್ನವನ್ನು ತಿಂಗಳ ಉಚಿತ ವ್ಯವಹಾರಗಳಲ್ಲಿ ಒಂದೆಂದು ಎಣಿಸುವಂತಿಲ್ಲ, ಅದಕ್ಕೆ ಶುಲ್ಕ ಹಾಕುವಂತಿಲ್ಲ ಎಂದು 2019ರ ಆಗಸ್ಟಿನಲ್ಲಿಯೇ ರಿಸರ್ವ್ ಬ್ಯಾಂಕು ಹೇಳಿದೆ.

ಶಾಖಾ ವ್ಯವಸ್ಥಾಪಕರೇ, ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ದೂರಿನ ಫಾರ್ಮ್ ತೆಗೆದುಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ಅದೇ ದಿನ ಅದೇ ಯಂತ್ರದಲ್ಲಿ ಇನ್ನೊಮ್ಮೆ ಪ್ರಯತ್ನ ಮಾಡಿದ್ದೀರಾ? ಹಣ ಬಾರದಿದ್ದರೆ ಜನ ಸಾಮಾನ್ಯವಾಗಿ ಇನ್ನೊಮ್ಮೆ ಒತ್ತಿಯೇ ಒತ್ತುತ್ತಾರೆ, ಹಣ ಬಂದ ಸಲದ ಚೀಟಿಯೇ ಅವರ ಕೈಯಲ್ಲಿ ಉಳಿಯುತ್ತದೆ. ಆ ಪ್ರಶ್ನೆಗೆ ಫಾರ್ಮಿನಲ್ಲಿ ಒಂದು ಜಾಗ ಮಾಡಿಕೊಡಿ. ಯಶಸ್ವಿಯಾಗಿದೆ ಎಂದು ಉತ್ತರ ಬರೆಯುವಾಗ ಯಾವ ಸಂಖ್ಯೆಯ, ಎಷ್ಟು ಹೊತ್ತಿನ ವ್ಯವಹಾರವೆಂದು ಬರೆಯಿರಿ. ಜುಲೈ 24ರ ಉತ್ತರದಲ್ಲಿ 4431 ಎಂಬ ಅಂಕಿ ಇದ್ದಿದ್ದರೆ ತಪ್ಪು ಎಲ್ಲಿದೆಯೆಂದು ಅಂದೇ ಗೊತ್ತಾಗುತ್ತಿತ್ತು.

ಮತ್ತು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಶಾಖೆಗಳಲ್ಲಿ ಈ ಫಾರ್ಮ್ ಕನ್ನಡದಲ್ಲಿಯೂ ಇರಲಿ. ರಾಜ್ಯ ಸರಕಾರದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕೊಟ್ಟಿದೆ. ಬ್ಯಾಂಕು ರಾಜ್ಯ ಸರಕಾರದ ಕಚೇರಿಯಲ್ಲ ಎಂದು ನೀವು ಹೇಳಬಹುದು, ಒಪ್ಪುತ್ತೇನೆ. ಆದರೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ಆ ಅಕ್ಕ ಓದಿಕೊಂಡಿದ್ದರೆ, 7:46 ಎಂಬುದನ್ನು ಕಂಡು "ಇದಲ್ಲ, ಇದರ ಮೊದಲಿನದು" ಎಂದು ಅವರೇ ಹೇಳುತ್ತಿದ್ದರು. ಅವರಿಗೆ ಗಂಟೆ ನೋಡಲು ಬರುತ್ತದೆ.

ಊರಿನವರೇ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. ದಾರಿ ತಿಳಿಯದಿದ್ದರೆ 14448ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಎಟಿಎಂ ಗೋಡೆಗೆ ಯಾರೋ ಅಂಟಿಸಿದ ಅಥವಾ ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಿದ ಸಹಾಯವಾಣಿ ಸಂಖ್ಯೆಗೆ ಮಾತ್ರ ಕರೆ ಮಾಡಬೇಡಿ. ನಿಮ್ಮ ಬ್ಯಾಂಕಿನ ಸಂಖ್ಯೆ ನಿಮ್ಮ ಕಾರ್ಡಿನ ಹಿಂಬದಿಯಲ್ಲಿಯೇ ಇದೆ.

ಅಕ್ಕನ 1,500 ರೂಪಾಯಿ ಇನ್ನೂ ಬಂದಿಲ್ಲ. ಆಗಸ್ಟ್ 4ರಂದು ಅದಕ್ಕಾಗಿ ಬೇರೆಯೇ ಪತ್ರ ಕೊಟ್ಟೆವು, 30 ದಿನ ಕಾದು ಒಂಬುಡ್ಸ್‌ಮನ್‌ಗೆ ಬರೆದಿದ್ದೇವೆ. ಎರಡೂ ಫಾರ್ಮ್‌ಗಳ ಪ್ರತಿ, ಸ್ಟೇಟ್‌ಮೆಂಟ್, ಜೊತೆಗೆ 2,640 ಎಂದು ಅಚ್ಚಾಗಿರುವ ಆ ಚೀಟಿಯ ನೆರಳಚ್ಚು ಅದರಲ್ಲಿವೆ. ಚೀಟಿಯ ಶಾಯಿ ಈಗಾಗಲೇ ಮಾಸತೊಡಗಿದೆ. ನಿಮ್ಮ ಬಳಿ ಅಂಥದ್ದು ಇದ್ದರೆ ಇಂದೇ ನೆರಳಚ್ಚು ಮಾಡಿಸಿಕೊಳ್ಳಿ.

ಇತಿ,
ಎಟಿಎಂ ಲೆಕ್ಕ ಹೊಂದಾಣಿಕೆ ವಿಭಾಗದ ಒಬ್ಬ ನಿವೃತ್ತ ನೌಕರ,
ಬದಿಯಡ್ಕ